ಹತ್ತು ಬಿದ್ದರೆ ಹನ್ನೊಂದು ಏರುವುದೇಕೆ: ಒಂದು ಕಂಟೇನರ್ ಕಾಫಿಯ ಲೆಕ್ಕ

ಹಾಸನದ ಒಂದು ಸಣ್ಣ ಕಾಫಿ ರಫ್ತು ಸಂಸ್ಥೆಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಬೆಳೆಗಾರರಿಂದ ರೂಪಾಯಿ ಕೊಟ್ಟು ಕೊಳ್ಳುತ್ತೇವೆ, ಹೊರದೇಶದವರಿಗೆ ಡಾಲರ್‌ನಲ್ಲಿ ಮಾರುತ್ತೇವೆ. ನಡುವೆ ಇರುವ ವಿನಿಮಯ ದರ ನಮ್ಮ ಲಾಭವನ್ನು ತಿನ್ನಲೂಬಹುದು, ತುಂಬಲೂಬಹುದು. ಇಷ್ಟು ವರ್ಷ ಈ ದರದ ಜೊತೆಯಲ್ಲೇ ಬದುಕಿದ್ದರೂ ಶೇಕಡಾವಾರಿನ ಒಂದು ಸರಳ ವಿಷಯದಲ್ಲಿ ನಾನು ಎಡವಿದ್ದೆ. ಎಡವಿದ್ದು ಕಚೇರಿಯ ಹೊರಗೆ ಯಾರಿಗೂ ಗೊತ್ತಾಗಲಿಲ್ಲ, ಅದು ಅದೃಷ್ಟ.

2018ರ ಆಗಸ್ಟ್ ಕೊನೆಯ ವಾರ. ಮಳೆಗೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ಮಂಗಳೂರು ಬಂದರಿಗೆ ಸರಕು ಕಳುಹಿಸುವುದೇ ದೊಡ್ಡ ತಲೆನೋವಾಗಿದ್ದ ದಿನಗಳು. ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಬೆಲೆ ಪೌಂಡಿಗೆ ಒಂದು ಡಾಲರ್‌ಗಿಂತ ಕೆಳಕ್ಕೆ ಇಳಿದಿತ್ತು. ಅದೇ ಹೊತ್ತಿಗೆ ರೂಪಾಯಿಯೂ ಜಾರುತ್ತಿತ್ತು. ಜನವರಿಯಲ್ಲಿ ಸುಮಾರು 64 ರೂಪಾಯಿ ಇದ್ದ ಡಾಲರ್ ಆಗ 71ರ ಹತ್ತಿರ ಬಂದಿತ್ತು. ಜನವರಿಯಲ್ಲಿ ನಮ್ಮಿಂದ ಕೆಜಿಗೆ 3 ಡಾಲರ್‌ನಂತೆ ಅರೇಬಿಕಾ ಕೊಂಡಿದ್ದ ಯುರೋಪಿನ ಗಿರಾಕಿಯೊಬ್ಬರು ಆ ವಾರ ಪತ್ರ ಬರೆದರು. ಅದೇ ದರ್ಜೆಯ ಇನ್ನೊಂದು ಕಂಟೇನರ್ ಬೇಕು, ಆದರೆ ನಿಮ್ಮ ರೂಪಾಯಿ ಇಷ್ಟು ಬಿದ್ದಿರುವಾಗ ಹಳೆಯ ಬೆಲೆ ಕೇಳುವುದು ನ್ಯಾಯವಲ್ಲ, ಬಿದ್ದಷ್ಟನ್ನೂ ಬೆಲೆಯಲ್ಲಿ ಇಳಿಸಿ, ಎಂಬುದು ಅದರ ಸಾರ.

ಮಾಲೀಕರು ಪತ್ರವನ್ನು ನನ್ನ ಮೇಜಿನ ಮೇಲೆ ಇಟ್ಟು, "ನಷ್ಟವಿಲ್ಲದೆ ಎಲ್ಲಿಯವರೆಗೆ ಇಳಿಯಬಹುದು ನೋಡಪ್ಪ. ಕೊಡುತ್ತೇನೆ ಅಂತಲ್ಲ, ತಳ ಎಲ್ಲಿದೆ ಅಂತ ಗೊತ್ತಿರಬೇಕು" ಎಂದರು. ಗೋದಾಮಿನಲ್ಲಿದ್ದ ಮಾಲು ಸುಗ್ಗಿಯಲ್ಲೇ ರೂಪಾಯಿ ಕೊಟ್ಟು ಕೊಂಡದ್ದು. ಅದರ ಅಸಲು ಇನ್ನು ಬದಲಾಗುವಂತಿರಲಿಲ್ಲ. ಆದ್ದರಿಂದ ಪ್ರಶ್ನೆ ಸರಳವಾಗಿತ್ತು: ಜನವರಿಯಲ್ಲಿ ಕೆಜಿಗೆ 3 ಡಾಲರ್, ಅಂದರೆ 192 ರೂಪಾಯಿ ಕೈಗೆ ಬಂದಿತ್ತು. ಈಗಲೂ ಅದೇ 192 ಬರಬೇಕಾದರೆ ಎಷ್ಟು ಡಾಲರ್ ಕೇಳಬೇಕು?

ಅಂದು ಕಚೇರಿಗೆ ಬರುವ ಎರಡು ಪತ್ರಿಕೆಗಳಲ್ಲಿ ಒಂದು, ವರ್ಷಾರಂಭದಿಂದ ರೂಪಾಯಿ ಶೇ 10ರಷ್ಟು ಕುಸಿದಿದೆ ಎಂದು ಬರೆದಿತ್ತು. ಇನ್ನೊಂದು ಶೇ 11 ಎಂದಿತ್ತು. ಯಾರೋ ಒಬ್ಬರು ಪೂರ್ಣಾಂಕ ಮಾಡುವಾಗ ಹೆಚ್ಚುಕಡಿಮೆ ಮಾಡಿರಬೇಕು ಎಂದುಕೊಂಡು ನಾನೇ ಲೆಕ್ಕ ಹಾಕಿದೆ. 64ರಿಂದ 71ಕ್ಕೆ 7 ರೂಪಾಯಿ ವ್ಯತ್ಯಾಸ. 7ನ್ನು 64ರಿಂದ ಭಾಗಿಸಿದರೆ ಶೇ 10.9. ಹನ್ನೊಂದೇ ಸರಿ ಎಂದು ತೀರ್ಮಾನಿಸಿ, 3 ಡಾಲರ್‌ನಲ್ಲಿ ಶೇ 11 ಕಳೆದು, ತಳದ ಬೆಲೆ 2 ಡಾಲರ್ 67 ಸೆಂಟ್ ಎಂದು ಬರೆದೆ.

ತಪ್ಪು ಗೊತ್ತಾದದ್ದು ನನ್ನ ಜಾಣತನದಿಂದಲ್ಲ. ಬರೆದದ್ದನ್ನು ಒಳಗೆ ಕೊಡುವ ಮುನ್ನ ಹಿಂದುಮುಂದಾಗಿ ಗುಣಿಸಿ ನೋಡುವ ಹಳೆಯ ಅಭ್ಯಾಸ ನನಗಿದೆ. 2.67ನ್ನು 71ರಿಂದ ಗುಣಿಸಿದೆ. 192 ಬರಬೇಕಾದಲ್ಲಿ 189 ರೂಪಾಯಿ 57 ಪೈಸೆ ಬಂತು. ಮತ್ತೆ ಗುಣಿಸಿದೆ, ಅದೇ ಬಂತು. ಕೆಜಿಗೆ 2 ರೂಪಾಯಿ 43 ಪೈಸೆ ಕಡಿಮೆ. ಕೇಳಲು ಚಿಲ್ಲರೆ. ಆದರೆ ಒಂದು ಕಂಟೇನರ್ ಎಂದರೆ 60 ಕೆಜಿಯ 320 ಚೀಲ, ಒಟ್ಟು 19,200 ಕೆಜಿ. 46,656 ರೂಪಾಯಿ ಎಲ್ಲಿ ಸೋರಿಹೋಯಿತು ಎಂದು ತಿಳಿಯದೆ ಕುಳಿತೆ. ಡಾಲರ್ ಶೇ 11 ಏರಿದ್ದು ನಿಜ, ನಾನು ಶೇ 11 ಇಳಿಸಿದ್ದೂ ನಿಜ. ಏರಿದ್ದು ಇಳಿದದ್ದು ಸರಿಹೋಗಬೇಕಲ್ಲ?

ಆ ಹೊತ್ತಿಗೆ ಕಾಫಿಯ ಹೊಟ್ಟು ಬಿಡಿಸುವ ಕ್ಯೂರಿಂಗ್ ಯಾರ್ಡಿನ ಮೇಸ್ತ್ರಿ ಒಳಗೆ ಬಂದರು. ಆರ್ಡರ್ ಆದರೆ ಎಷ್ಟು ಪಾರ್ಚ್‌ಮೆಂಟ್, ಅಂದರೆ ಹೊಟ್ಟಿನೊಳಗೇ ಇರುವ ಬೀಜ, ಒಡೆಸಬೇಕು ಎಂದು ಅವರಿಗೆ ಮೊದಲೇ ಗೊತ್ತಿರಬೇಕು. "ಒಂದು ಕಂಟೇನರ್ ಆಗಬಹುದು ಮೇಸ್ತ್ರಿ" ಎಂದೆ. ಅವರು ಒಂದು ಕ್ಷಣವೂ ಯೋಚಿಸದೆ, "ಹಾಗಾದರೆ 480 ಚೀಲ ತೆಗೆದಿಡುತ್ತೇನೆ ಸಾರ್" ಎಂದರು.

ನಮ್ಮ ಕಡೆ ಪಾರ್ಚ್‌ಮೆಂಟ್ ಚೀಲವೆಂದರೆ 50 ಕೆಜಿ. ಹೊಟ್ಟು ಬಿಡಿಸಿದ ಮೇಲೆ ಅದರಿಂದ ಸುಮಾರು 40 ಕೆಜಿ ಬೀಜ ಬರುತ್ತದೆ. ಅಂದರೆ ನೂರಕ್ಕೆ ಇಪ್ಪತ್ತು ನಷ್ಟ. 19,200 ಕೆಜಿ ಬೀಜ ಬೇಕು, ನೂರಕ್ಕೆ ಇಪ್ಪತ್ತು ಕಡಿಮೆಯಾಗುತ್ತದೆ, ಆದ್ದರಿಂದ ನೂರಕ್ಕೆ ಇಪ್ಪತ್ತು ಹೆಚ್ಚು ಒಡೆಸೋಣ ಎಂದು ನಾನು ಡಾಲರ್ ಲೆಕ್ಕ ಹಾಕಿದ ರೀತಿಯಲ್ಲಿ ಹಾಕಿದ್ದರೆ 23,040 ಕೆಜಿ, ಅಂದರೆ 461 ಚೀಲ ಎನ್ನುತ್ತಿದ್ದೆ. ಕಂಟೇನರ್ ತುಂಬುವಾಗ ಏಳೆಂಟು ಕ್ವಿಂಟಲ್ ಬೀಜ ಕಡಿಮೆ ಬೀಳುತ್ತಿತ್ತು. ಮೇಸ್ತ್ರಿ ಹಾಗೆ ಮಾಡುವುದಿಲ್ಲ. ಅವರು 19,200ನ್ನು 40ರಿಂದ ಭಾಗಿಸುತ್ತಾರೆ. 480 ಚೀಲ, 24,000 ಕೆಜಿ. ನೂರಕ್ಕೆ ಇಪ್ಪತ್ತು ಹೋಗುವುದನ್ನು ತುಂಬಿಕೊಳ್ಳಲು ನೂರಕ್ಕೆ ಇಪ್ಪತ್ತೈದು ಹೆಚ್ಚು ಹಾಕಬೇಕು. ಹಣ್ಣನ್ನು ಸಿಪ್ಪೆಸಮೇತ ಒಣಗಿಸಿದ ಚೆರ್ರಿಯಾದರೆ ಹೆಚ್ಚುಕಡಿಮೆ ಅರ್ಧದಷ್ಟು ಸಿಪ್ಪೆಯೇ ಹೋಗುತ್ತದೆ. ಅಲ್ಲಿ ನೂರಕ್ಕೆ ಐವತ್ತು ಕಳೆದುಹೋದರೆ ನೂರಕ್ಕೆ ನೂರು ಹೆಚ್ಚು ಹಾಕಬೇಕು ಎನ್ನುವುದು ಯಾರ್ಡಿನಲ್ಲಿ ಕೂಲಿ ಮಾಡುವವರಿಗೂ ಗೊತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಹಾಗೆ, ದಿನವೂ ನೋಡುವ ಈ ಲೆಕ್ಕ ಡಾಲರ್ ವಿಷಯಕ್ಕೆ ಬಂದಾಗ ನನಗೆ ಹೊಳೆದಿರಲಿಲ್ಲ.

ಕಾಗದ ತೆಗೆದುಕೊಂಡು ಮೊದಲಿನಿಂದ ಬರೆದೆ. ಲೆಕ್ಕ ಸುಲಭವಾಗಲಿ ಎಂದು ರೂಪಾಯಿ ಸರಿಯಾಗಿ ಶೇ 10 ಬಿದ್ದಿದೆ ಎಂದೇ ಹಿಡಿದೆ. ಮೊದಲು 64 ರೂಪಾಯಿ ಕೊಟ್ಟರೆ ಒಂದು ಡಾಲರ್, ಅಂದರೆ 100 ಸೆಂಟ್ ಸಿಗುತ್ತಿತ್ತು. ರೂಪಾಯಿ ಶೇ 10 ಬಿದ್ದಿತು ಎಂದರೆ ಅದೇ 64 ರೂಪಾಯಿಗೆ ಈಗ 90 ಸೆಂಟ್ ಮಾತ್ರ ಸಿಗುತ್ತದೆ. ಪೂರ್ತಿ ಡಾಲರ್ ಬೇಕಾದರೆ ಇನ್ನೂ 10 ಸೆಂಟ್ ಕೊಳ್ಳಬೇಕು. ಆ 10 ಸೆಂಟನ್ನು ಹಳೆಯ ದರದಲ್ಲಿ ಯಾರೂ ಕೊಡುವುದಿಲ್ಲ, ಸೊರಗಿದ ಈಗಿನ ರೂಪಾಯಿಯಿಂದಲೇ ಕೊಳ್ಳಬೇಕು. 90 ಸೆಂಟಿಗೆ 64 ರೂಪಾಯಿ ಎಂದರೆ 10 ಸೆಂಟಿಗೆ ಅದರ ಒಂಬತ್ತನೇ ಒಂದು ಭಾಗ, 7 ರೂಪಾಯಿ 11 ಪೈಸೆ. ಹೊಸ ದರ 71 ರೂಪಾಯಿ 11 ಪೈಸೆ. 64ರ ಮೇಲೆ ಒಂಬತ್ತನೇ ಒಂದು ಭಾಗ ಏರಿದೆ, ಹತ್ತನೇ ಒಂದು ಭಾಗವಲ್ಲ. ಒಂಬತ್ತನೇ ಒಂದು ಎಂದರೆ ಶೇ 11.11.

ಹೆಚ್ಚಾದ ಆ 1.11 ಎಲ್ಲಿಂದ ಬಂತು ಎಂದು ನನಗೆ ಮನದಟ್ಟಾದದ್ದು ಇಲ್ಲಿ. ಕುಸಿತವನ್ನು ಅಳೆಯುವಾಗ ನಾವು ಕುಸಿಯುವುದಕ್ಕೆ ಮೊದಲಿನ ತುಂಬು ರೂಪಾಯಿಯನ್ನು ನೂರು ಎಂದು ಹಿಡಿಯುತ್ತೇವೆ. ಏರಿಕೆಯನ್ನು ಅಳೆಯುವಾಗ, ಉಳಿದ ತೊಂಬತ್ತರ ಮೇಲೆ ಕಳೆದುಹೋದ ಹತ್ತನ್ನು ಕಟ್ಟಬೇಕು. ಕಟ್ಟಬೇಕಾದದ್ದು ಅಷ್ಟೇ, ಆದರೆ ಕಟ್ಟುವ ತಳ ಚಿಕ್ಕದು. ಆದ್ದರಿಂದ ಪಾಲು ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ಆ ಎರಡು ಪತ್ರಿಕೆಗಳಲ್ಲಿ ಸುಳ್ಳು ಬರೆದವರು ಯಾರು? ಸಂಖ್ಯೆಯಲ್ಲಿ ಇಬ್ಬರೂ ಅಲ್ಲ, ಪದದಲ್ಲಿ ಒಬ್ಬರು. 7 ರೂಪಾಯಿ ವ್ಯತ್ಯಾಸವನ್ನು ಚಿಕ್ಕ ಸಂಖ್ಯೆ 64ರಿಂದ ಭಾಗಿಸಿದರೆ ಡಾಲರ್ ಎಷ್ಟು ಏರಿತು ಎಂಬುದು ಸಿಗುತ್ತದೆ: ಶೇ 10.9. ಅದೇ 7ನ್ನು ದೊಡ್ಡ ಸಂಖ್ಯೆ 71ರಿಂದ ಭಾಗಿಸಿದರೆ ರೂಪಾಯಿ ಎಷ್ಟು ಬಿತ್ತು ಎಂಬುದು ಸಿಗುತ್ತದೆ: ಶೇ 9.9. ಒಂದು ಡಾಲರಿಗೆ ಎಷ್ಟು ರೂಪಾಯಿ ಎಂದು ದರ ಹೇಳುವುದು ನಮ್ಮ ವಾಡಿಕೆಯಾದ್ದರಿಂದ ಬರೆಯುವವರ ಕಣ್ಣಿಗೆ 64 ಮೊದಲು ಬೀಳುತ್ತದೆ. ಅದರಿಂದಲೇ ಭಾಗಿಸುತ್ತಾರೆ, ಬಂದ ಉತ್ತರಕ್ಕೆ 'ರೂಪಾಯಿ ಕುಸಿತ' ಎಂದು ತಲೆಬರಹ ಕೊಡುತ್ತಾರೆ. ಈಗ ನಾನು ಸುದ್ದಿಯಲ್ಲಿ ಶೇಕಡಾ ನೋಡುವುದನ್ನೇ ಬಿಟ್ಟಿದ್ದೇನೆ. ಹಿಂದಿನ ದರ ಎಷ್ಟು, ಇಂದಿನ ದರ ಎಷ್ಟು ಎಂಬ ಎರಡು ಸಂಖ್ಯೆ ಕೊಟ್ಟರೆ ಸಾಕು.

ನನ್ನ ಗಿರಾಕಿಯ ಲೆಕ್ಕಕ್ಕೆ ಬೇಕಾದದ್ದು ಚಿಕ್ಕ ಶೇಕಡಾ. 192ನ್ನು 71ರಿಂದ ಭಾಗಿಸಿದರೆ 2 ಡಾಲರ್ 70 ಸೆಂಟಿಗಿಂತ ಒಂದು ಕೂದಲು ಮೇಲೆ ಬರುತ್ತದೆ. 3 ಡಾಲರ್‌ನಿಂದ ಅಲ್ಲಿಗೆ ಇಳಿಕೆ ಶೇ 9.9. ಡಾಲರ್ ಏರಿದ್ದು ಶೇ 10.9, ನಾವು ಇಳಿಯಬಹುದಾದದ್ದು ಶೇ 9.9. ಬೆಲೆಯನ್ನು 3 ಡಾಲರ್‌ನಲ್ಲೇ ಇಟ್ಟುಕೊಂಡರೆ ಮಾತ್ರ ದೊಡ್ಡ ಶೇಕಡಾ ನಮ್ಮದು, ಕೆಜಿಗೆ 213 ರೂಪಾಯಿ ಬರುತ್ತದೆ, ಅದು 192ಕ್ಕಿಂತ ಶೇ 10.9 ಹೆಚ್ಚು. ರೂಪಾಯಿ ಮೊತ್ತ ನಿಲ್ಲಬೇಕೋ ಡಾಲರ್ ಮೊತ್ತ ನಿಲ್ಲಬೇಕೋ ಎಂಬುದರ ಮೇಲೆ ಯಾವ ಶೇಕಡಾ ಎಂಬುದು ನಿರ್ಧಾರವಾಗುತ್ತದೆ. ಗಣಕದ ಹಾಳೆಯಲ್ಲಿ ಈಗ ಹೀಗೆ ಹಾಕಿಟ್ಟಿದ್ದೇನೆ. A2ರಲ್ಲಿ ಹಳೆಯ ದರ, A3ರಲ್ಲಿ ಹೊಸ ದರ. ಮೊದಲ ಸಾಲು ಡಾಲರ್ ಏರಿಕೆ, ಎರಡನೆಯದು ರೂಪಾಯಿ ಕುಸಿತ.

```
=(A3-A2)/A2
=(A3-A2)/A3
```

ಇದಾದ ಮೇಲೂ ಇದೇ ಹೊಂಡಕ್ಕೆ ಇನ್ನೊಂದು ಬದಿಯಿಂದ ಬಿದ್ದಿದ್ದೇನೆ ಎಂದು ತಿಳಿದದ್ದು ಅದೇ ವಾರ. ಬೀಜದ ಬಣ್ಣ ನೋಡಿ ವಿಂಗಡಿಸುವ ಯಂತ್ರವೊಂದನ್ನು ಹೊರದೇಶದಿಂದ ತರಿಸಲು 50,000 ಡಾಲರ್ ದರ ಒಪ್ಪಿಕೊಂಡಿದ್ದೆವು. 64ರ ದರದಲ್ಲಿ 32 ಲಕ್ಷ ರೂಪಾಯಿ ತೆಗೆದಿಟ್ಟಿದ್ದೆ. ರೂಪಾಯಿ ಶೇ 10 ಬಿದ್ದಿದೆ ಎಂದು ಓದಿ, ಅದಕ್ಕೆ ಶೇ 10 ಸೇರಿಸಿ 35 ಲಕ್ಷದ 20 ಸಾವಿರ ಮಾಡಿದ್ದೆ. 71ರ ದರದಲ್ಲಿ ಬೇಕಾದದ್ದು 35 ಲಕ್ಷದ 50 ಸಾವಿರ. ಇಲ್ಲಿ ಡಾಲರ್ ಮೊತ್ತ ನಿಂತಿದೆ, ರೂಪಾಯಿ ಓಡುತ್ತದೆ, ಆದ್ದರಿಂದ ದೊಡ್ಡ ಶೇಕಡಾ ಬಳಸಬೇಕಿತ್ತು. ನಾನು ಚಿಕ್ಕದನ್ನು ಬಳಸಿದ್ದೆ. ಆಮದು ಸುಂಕ ಮತ್ತು ತೆರಿಗೆಯನ್ನೂ ರೂಪಾಯಿ ಮೌಲ್ಯದ ಮೇಲೆಯೇ ಹಾಕುವುದರಿಂದ ಕೊರತೆ ಅಲ್ಲಿಗೂ ಹಿಂಬಾಲಿಸಿತು. ಮಾರುವಾಗ ದೊಡ್ಡದು ಬಳಸಿ ಸೋತೆ, ಕೊಳ್ಳುವಾಗ ಚಿಕ್ಕದು ಬಳಸಿ ಸೋತೆ. ಇಷ್ಟು ಕ್ರಮಬದ್ಧವಾಗಿ ಎರಡೂ ಕಡೆ ತಪ್ಪುವುದಕ್ಕೂ ಒಂದು ಪ್ರತಿಭೆ ಬೇಕು.

ದಿನದ ಏರಿಳಿತಕ್ಕೆ ಇದೆಲ್ಲ ಬೇಕಿಲ್ಲ. ರೂಪಾಯಿ ಶೇ 1 ಬಿದ್ದರೆ ಡಾಲರ್ ಶೇ 1.01 ಏರುತ್ತದೆ, ಅದನ್ನು ಹಿಡಿದು ಕೂರುವವನಿಗೆ ಬೇರೆ ಕೆಲಸವಿಲ್ಲ. ಕುಸಿತ ದೊಡ್ಡದಾದಂತೆ ಅಂತರ ಇನ್ನೂ ಬೇಗ ಬೆಳೆಯುತ್ತದೆ. ಕಚೇರಿಗೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಹಾಕಿಸುವ ಲೆಕ್ಕ 1966ರದು. ಆ ವರ್ಷದ ಜೂನ್ 6ರಂದು ಇಂದಿರಾ ಗಾಂಧಿಯವರ ಸರ್ಕಾರ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. 4 ರೂಪಾಯಿ 76 ಪೈಸೆ ಇದ್ದ ಡಾಲರ್ ಒಂದೇ ದಿನಕ್ಕೆ 7 ರೂಪಾಯಿ 50 ಪೈಸೆಯಾಯಿತು. ವ್ಯತ್ಯಾಸ 2 ರೂಪಾಯಿ 74 ಪೈಸೆ. 7.50ರಿಂದ ಭಾಗಿಸಿದರೆ ರೂಪಾಯಿ ಬಿದ್ದದ್ದು ಶೇ 36.5. 4.76ರಿಂದ ಭಾಗಿಸಿದರೆ ಡಾಲರ್ ಏರಿದ್ದು ಶೇ 57.6. ಆ ಘಟನೆಯ ಬಗ್ಗೆ ಓದುವಾಗ ಈ ಎರಡೂ ಸಂಖ್ಯೆಗಳು ಎದುರಾಗುತ್ತವೆ. ಒಂದು ದೇಶದ ಹಣ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಬಿತ್ತು ಎಂದರೆ ಒಂದು ತೂಕ, ಆಮದು ಮಾಡುವ ಗೋಧಿಗೆ ಅರ್ಧಕ್ಕಿಂತ ಹೆಚ್ಚು ರೂಪಾಯಿ ಸೇರಿಸಿ ಕೊಡಬೇಕಾಯಿತು ಎಂದರೆ ಇನ್ನೊಂದು ತೂಕ. ಎರಡೂ ಒಂದೇ ಘಟನೆ. ಹೇಳುವವರು ತಮಗೆ ಅನುಕೂಲವಾದದ್ದನ್ನು ಆರಿಸಿಕೊಳ್ಳುತ್ತಾರೆ.

ಹೋಲಿಕೆಯಲ್ಲಿ ಈ ಗೊಂದಲ ಇನ್ನಷ್ಟು ಕೆಟ್ಟದು. ಅದೇ ಆಗಸ್ಟ್‌ನಲ್ಲಿ ವರ್ತಕರೊಬ್ಬರು, ನಮ್ಮ ರೂಪಾಯಿ ಬಿದ್ದದ್ದು ಹತ್ತೇ, ಬ್ರೆಜಿಲಿನ ರಿಯಾಲ್ ಇಪ್ಪತ್ತನಾಲ್ಕು ಬಿದ್ದಿದೆ, ಅವರ ಮುಂದೆ ನಾವು ನಿಲ್ಲುವುದು ಹೇಗೆ ಎಂದು ಗೋಳಾಡಿದ್ದರು. ಒಂದು ಡಾಲರಿಗೆ ಸುಮಾರು 3.3 ರಿಯಾಲ್ ಇದ್ದದ್ದು 4.1ರ ಆಸುಪಾಸಿಗೆ ಹೋಗಿತ್ತು. ಇಪ್ಪತ್ತನಾಲ್ಕು ಡಾಲರಿನ ಏರಿಕೆ, ರಿಯಾಲ್‌ನ ಕುಸಿತ ಇಪ್ಪತ್ತರ ಒಳಗೆ. ಒಂದು ಕಡೆ ಕುಸಿತ, ಇನ್ನೊಂದು ಕಡೆ ಏರಿಕೆ ಇಟ್ಟು ತೂಗಿದ್ದರು. ಬ್ರೆಜಿಲ್ ನಮಗಿಂತ ಹೆಚ್ಚು ಬಿದ್ದದ್ದು ನಿಜವೇ, ಆ ವರ್ತಕರು ಹೆದರಿದಷ್ಟಲ್ಲ.

ತಿದ್ದಿದ ಕಾಗದ ಹಿಡಿದು ಒಳಗೆ ಹೋದೆ. ತಳ 2.70 ಎಂದೆ, ನಡೆದದ್ದನ್ನೂ ಹೇಳಿದೆ. ಮಾಲೀಕರು ಬೈಯಲಿಲ್ಲ. ಕನ್ನಡಕ ಮೇಲೇರಿಸಿ, "ನಮಗೆ 71 ಎಲ್ಲಿ ಸಿಗುತ್ತದೆ?" ಎಂದು ಮಾತ್ರ ಕೇಳಿದರು.

ನಾನು ಮತ್ತೆ ಪೆಚ್ಚಾದೆ. ಸೆಪ್ಟೆಂಬರ್‌ನಲ್ಲಿ ಬರಲಿರುವ ಡಾಲರ್‌ಗಳ ಪೈಕಿ ಅರ್ಧದಷ್ಟನ್ನು ಏಪ್ರಿಲ್‌ನಲ್ಲೇ ಬ್ಯಾಂಕಿನಲ್ಲಿ 66 ರೂಪಾಯಿಗೆ ಮುಂಗಡವಾಗಿ ಬುಕ್ ಮಾಡಿದ್ದೆವು. ಪೇಟೆಯ ದರ ಎಷ್ಟೇ ಇರಲಿ, ಆ ಅರ್ಧಕ್ಕೆ ಬ್ಯಾಂಕು ಕೊಡುವುದು 66. ಉಳಿದರ್ಧಕ್ಕೆ 71. ಸರಾಸರಿ 68 ರೂಪಾಯಿ 50 ಪೈಸೆ. ನಮ್ಮ ಪಾಲಿಗೆ ರೂಪಾಯಿ ಬಿದ್ದದ್ದು ಶೇ 10 ಅಲ್ಲವೇ ಅಲ್ಲ, 4.50ನ್ನು 68.50ರಿಂದ ಭಾಗಿಸಿದರೆ ಬರುವ ಶೇ 6.6 ಮಾತ್ರ. 192ನ್ನು 68.50ರಿಂದ ಭಾಗಿಸಿದರೆ ತಳ 2 ಡಾಲರ್ 80 ಸೆಂಟ್. ನಾನು ಶೇ 9.9, 10.9 ಎಂದು ಒದ್ದಾಡಿದ್ದರಲ್ಲಿ ಮೂರು ಸೆಂಟಿನ ವ್ಯತ್ಯಾಸವಿತ್ತು. ಯಾವ ದರ ನಮ್ಮದು ಎಂದು ಕೇಳದೇ ಇದ್ದದ್ದರಲ್ಲಿ ಹತ್ತು ಸೆಂಟಿನ ವ್ಯತ್ಯಾಸವಿತ್ತು.

ನಮ್ಮ ಬೆಲೆ ಮಂಗಳೂರು ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನದು, ಹಡಗಿನ ಬಾಡಿಗೆ ಗಿರಾಕಿಯದು. ಬಾಡಿಗೆಯೂ ಸೇರಿದ ಬೆಲೆಯಾಗಿದ್ದರೆ ಇನ್ನೊಂದು ತಿದ್ದುಪಡಿ ಬೇಕಾಗುತ್ತಿತ್ತು. 3 ಡಾಲರ್‌ನಲ್ಲಿ 10 ಸೆಂಟ್ ಬಾಡಿಗೆ ಎಂದಿಟ್ಟುಕೊಂಡರೆ, ಆ 10 ಸೆಂಟನ್ನು ನಾವೂ ಡಾಲರ್‌ನಲ್ಲೇ ಕಟ್ಟುವುದರಿಂದ ರೂಪಾಯಿ ಬಿದ್ದರೂ ಅದು ಕರಗುವುದಿಲ್ಲ. ಉಳಿದ 2.90 ಮಾತ್ರ ಇಳಿಯುತ್ತದೆ.

ಕೊನೆಗೆ 2 ಡಾಲರ್ 85 ಸೆಂಟಿಗೆ ವ್ಯಾಪಾರ ಕುದುರಿತು. ಗಿರಾಕಿಗೆ ಶೇ 5 ಇಳಿದ ಸಮಾಧಾನ, ನಮಗೆ ಕೆಜಿಗೆ 195 ರೂಪಾಯಿ ಚಿಲ್ಲರೆ. ಮೇಸ್ತ್ರಿ 480 ಚೀಲ ಒಡೆಸಿದರು, 320 ಚೀಲ ತುಂಬಿದ ಮೇಲೆ ಹೇಳಿಕೊಳ್ಳುವಷ್ಟು ಬೀಜ ಉಳಿಯಲಿಲ್ಲ, ಕಡಿಮೆಯೂ ಬೀಳಲಿಲ್ಲ.

ಅಕ್ಟೋಬರ್‌ನಲ್ಲಿ ಡಾಲರ್ 74 ದಾಟಿತು. ಅದೇ ಗಿರಾಕಿಯಿಂದ ಮತ್ತೊಂದು ಪತ್ರ ಬಂತು. ಈ ಬಾರಿ ಅವರೇ ಸಂಖ್ಯೆ ಬರೆದಿದ್ದರು: ಜನವರಿಯಿಂದ ನಿಮ್ಮ ರೂಪಾಯಿ ಶೇ 15.6 ಬಿದ್ದಿದೆ, ಬೆಲೆಯೂ ಅಷ್ಟೇ ಇಳಿಯಲಿ. 10 ರೂಪಾಯಿ ವ್ಯತ್ಯಾಸವನ್ನು ಅವರು 64ರಿಂದ ಭಾಗಿಸಿದ್ದರು. ನಾನು 74ರಿಂದ ಭಾಗಿಸಿ, ಶೇ 13.5 ಎಂದು ತಿದ್ದಿ ಉತ್ತರ ಕಳುಹಿಸಿದೆ. ಬುಕ್ ಮಾಡಿದ ಡಾಲರ್‌ಗಳ ವಿಷಯವನ್ನು ಬರೆಯಲಿಲ್ಲ.